ಇಡಿಗಂಟೋ, ಕಂತೋ? ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ

ಮುಂಬಯಿಯಲ್ಲಿ ಸಾಮಾನ್ಯ ಸಂಬಳದ ಮನೆಗೂ ಒಂದಲ್ಲ ಒಂದು ದಿನ ದೊಡ್ಡ ಗಂಟು ಬರುತ್ತದೆ. ದಾದರಿನ ಹಳೇ ಕಟ್ಟಡ ರಿಡೆವಲಪ್‌ಮೆಂಟಿಗೆ ಹೋಗುತ್ತದೆ, ಘಾಟ್‌ಕೋಪರಿನ ಹೋಟೆಲಿನಲ್ಲಿದ್ದ ಪಾಲನ್ನು ತಮ್ಮನಿಗೆ ಬಿಟ್ಟುಕೊಟ್ಟಾಗ ಹಣ ಸಿಗುತ್ತದೆ, ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ದುಡಿದವರಿಗೆ ಪಿಎಫ್ ಮತ್ತು ಗ್ರಾಚ್ಯುಟಿ ಒಟ್ಟಿಗೆ ಕೈಸೇರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಮಕ್ಕಳು ದೂರ ಹೋದ ಮೇಲೆ ಉಪನಗರದ ಫ್ಲ್ಯಾಟು ಮಾರಿ, ಇನ್ನೂ ಆಚೆ, ಅಗ್ಗದ ಜಾಗಕ್ಕೆ ಹೋಗುವುದು ಇಲ್ಲಿ ಮಾಮೂಲು. ತಿಂಗಳ ಸಂಬಳದಲ್ಲಿ ಹತ್ತು ಸಾವಿರ ಉಳಿಸಿ ಅಭ್ಯಾಸವಿದ್ದ ಕೈಗೆ ಒಂದೇ ಸಲ ಅರವತ್ತೆಪ್ಪತ್ತು ಲಕ್ಷ ಬಂದು ಬೀಳುತ್ತದೆ. ಅದೇ ಹೊತ್ತಿಗೆ ಟೀವಿಯಲ್ಲಿ ಸೆನ್ಸೆಕ್ಸ್ ದಾಖಲೆಯ ಎತ್ತರದಲ್ಲಿರುತ್ತದೆ. ಬ್ಯಾಂಕಿನ ರಿಲೇಶನ್‌ಶಿಪ್ ಮ್ಯಾನೇಜರ್ ಇವತ್ತೇ ಹಾಕಿ ಎನ್ನುತ್ತಾನೆ. ಸೊಸೈಟಿಯ ಕಾರ್ಯದರ್ಶಿ, "ಸ್ವಲ್ಪ ಕೆಳಗೆ ಬರಲಿ ಮಾರಾಯ್ರೆ" ಎನ್ನುತ್ತಾರೆ. ಅಳಿಯ ಹನ್ನೆರಡು ಕಂತು ಮಾಡಿ ಎಂದು ಮಧ್ಯದ ದಾರಿ ತೋರಿಸುತ್ತಾನೆ.

ಮೂವರ ಮಾತಿನಲ್ಲೂ ಒಂದಿಷ್ಟು ನಿಜವಿದೆ. ಯಾರ ಮಾತು ಎಷ್ಟು ನಿಜ ಎಂದು ತಿಳಿಯಲು ಊಹೆ ಬೇಕಿಲ್ಲ. ಮುಂಬಯಿ ಷೇರುಪೇಟೆ ಇದೇ ಪರೀಕ್ಷೆಯನ್ನು ಎರಡು ಸಲ, ಎರಡು ವಿರುದ್ಧ ದಿಕ್ಕಿನಲ್ಲಿ, ಮಾಡಿ ತೋರಿಸಿದೆ.

ಮೊದಲು ಹಣ ಎಷ್ಟು ಎಂಬುದು ಸ್ಪಷ್ಟವಾಗಬೇಕು. ಮುಲುಂಡಿನ ಎರಡು ಕೋಣೆಯ ಫ್ಲ್ಯಾಟನ್ನು 1 ಕೋಟಿ 60 ಲಕ್ಷಕ್ಕೆ ಮಾರಿ ಡೊಂಬಿವಲಿಗೆ ಹೋಗುವ ಅರವತ್ತು ದಾಟಿದ ದಂಪತಿಯ ಲೆಕ್ಕ ಹೀಗಿರಬಹುದು. ಫ್ಲ್ಯಾಟು ಇಬ್ಬರ ಹೆಸರಿನಲ್ಲೂ ಇದೆ, ಕೊಂಡದ್ದು ಇಪ್ಪತ್ತೈದು ವರ್ಷಗಳ ಹಿಂದೆ, ಸುಮಾರು 10 ಲಕ್ಷಕ್ಕೆ. ಡೊಂಬಿವಲಿಯ ಹೊಸ ಮನೆಗೆ ಸ್ಟ್ಯಾಂಪ್ ಡ್ಯೂಟಿ ಎಲ್ಲ ಸೇರಿ 72 ಲಕ್ಷ. ದಲ್ಲಾಳಿ, ಸಾಗಾಟ, ಬಣ್ಣಕ್ಕೆ 3 ಲಕ್ಷ. ಇಲ್ಲಿ ಹಲವರು ಮರೆಯುವುದು ತೆರಿಗೆಯನ್ನು. ಲಾಭದಲ್ಲಿ ಹೊಸ ಮನೆಗೆ ಹೋದ ಭಾಗಕ್ಕೆ ವಿನಾಯಿತಿ ಸಿಗುತ್ತದೆ. ಕೈಯಲ್ಲಿ ಉಳಿದ ಸುಮಾರು 78 ಲಕ್ಷ ಲಾಭಕ್ಕೆ ಸಿಗುವುದಿಲ್ಲ. ಅದಕ್ಕೆ ಶೇಕಡ 12.5ರ ದರದಲ್ಲಿ, ಸೆಸ್ ಸೇರಿ, ಹತ್ತು ಲಕ್ಷದಷ್ಟು ತೆರಿಗೆ ತೆಗೆದಿಡಬೇಕು. ಹೊಸ ಮನೆ ಇನ್ನೂ ಕೊಳ್ಳದಿದ್ದರೆ, ರಿಟರ್ನ್ ಸಲ್ಲಿಸುವ ಗಡುವಿನೊಳಗೆ ಆ ಮೊತ್ತವನ್ನು ಬ್ಯಾಂಕಿನಲ್ಲಿ ಇದಕ್ಕೆಂದೇ ಇರುವ ಬಂಡವಾಳ ಲಾಭ ಖಾತೆಗೆ ಹಾಕಬೇಕು. ಮನೆಗೆ ಮೀಸಲಾದ ಈ ಹಣ ಷೇರಿಗೆ ಹೋಗುವ ಹಣವೇ ಅಲ್ಲ. ಉಳಿದದ್ದು 75 ಲಕ್ಷ. ಅದರಲ್ಲಿ ಆಸ್ಪತ್ರೆಗೆ ಮತ್ತು ಎರಡು ಮೂರು ವರ್ಷದ ಮನೆಖರ್ಚಿಗೆ 15 ಲಕ್ಷ ಬೇರೆ ಇಟ್ಟರೆ, ಇಡಿಗಂಟೋ ಕಂತೋ ಎಂಬ ಪ್ರಶ್ನೆ ಉಳಿಯುವುದು 60 ಲಕ್ಷಕ್ಕೆ ಮಾತ್ರ. ಒಂದೂವರೆ ಕೋಟಿಯ ಪ್ರಶ್ನೆ ಅರವತ್ತು ಲಕ್ಷಕ್ಕೆ ಇಳಿದಾಗಲೇ ಅರ್ಧ ಭಯ ಇಳಿಯುತ್ತದೆ.

ಈ 60 ಲಕ್ಷವನ್ನು 2008ಕ್ಕೆ ಒಯ್ದು ನೋಡಬೇಕು. ಆ ವರ್ಷ ಜನವರಿ 8ರಂದು ಸೆನ್ಸೆಕ್ಸ್ 20,873ಕ್ಕೆ ಮುಗಿದಿತ್ತು. ಅದು ಆ ಏರಿಕೆಯ ಶಿಖರ. ಅಂದೇ ಪೂರ್ತಿ ಹಣವನ್ನು ಸೆನ್ಸೆಕ್ಸನ್ನೇ ಅನುಸರಿಸುವ ಫಂಡಿಗೆ ಹಾಕಿದವರು ಒಬ್ಬರು. ಜನವರಿಯಿಂದ ಡಿಸೆಂಬರ್‌ವರೆಗೆ ಪ್ರತಿ ತಿಂಗಳ ಕೊನೆಗೆ 5 ಲಕ್ಷದಂತೆ ಹನ್ನೆರಡು ಕಂತು ಹಾಕಿದವರು ಇನ್ನೊಬ್ಬರು. ಡಿವಿಡೆಂಡು, ಖರ್ಚು ಬಿಟ್ಟು, ಬರೀ ಸೂಚ್ಯಂಕದ ಲೆಕ್ಕ.

ಕಂತಿನವರ ಮೊದಲ ಕಂತು 17,649ರಲ್ಲಿ ಬಿತ್ತು. ಜೂನ್ ಕೊನೆಗೆ ಸೂಚ್ಯಂಕ 13,462. ಸೆಪ್ಟೆಂಬರಿನಲ್ಲಿ ಅಮೆರಿಕದ ಲೀಮನ್ ಬ್ರದರ್ಸ್ ಮುಳುಗಿತು, ಅಕ್ಟೋಬರ್ ಕೊನೆಗೆ 9,788, ನವೆಂಬರ್ ಕೊನೆಗೆ 9,093, ಡಿಸೆಂಬರ್ ಕೊನೆಗೆ 9,647. ಹನ್ನೆರಡೂ ಕಂತು ಮುಗಿದಾಗ ಅವರ ಸರಾಸರಿ ಖರೀದಿ ದರ ಸುಮಾರು 13,300. ವರ್ಷದ ಕೊನೆಯಲ್ಲಿ ಇಡಿಗಂಟಿನವರ 60 ಲಕ್ಷ 27.7 ಲಕ್ಷವಾಗಿತ್ತು, ಕಂತಿನವರದು 43.5 ಲಕ್ಷ. ವ್ಯತ್ಯಾಸ ಹದಿನಾರು ಲಕ್ಷದ ಹತ್ತಿರ. 2010ರ ನವೆಂಬರ್ 5ರಂದು, ದೀಪಾವಳಿಯ ಮುಹೂರ್ತದ ವಹಿವಾಟಿನಲ್ಲಿ ಸೆನ್ಸೆಕ್ಸ್ 21,000 ದಾಟಿ ಮುಗಿದಾಗ, ಮೊದಲಿನವರು ಹೊರಟಲ್ಲಿಗೇ ಬಂದು ನಿಂತಿದ್ದರು. ಎರಡನೆಯವರ ಹಣ 94 ಲಕ್ಷ ದಾಟಿತ್ತು.

ಕಂತಿನ ಪರ ಮಾತಾಡುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಇದು ಆರಿಸಿಕೊಂಡ ವರ್ಷ. ಶಿಖರದ ದಿನವನ್ನೇ ಹಿಡಿದು ಲೆಕ್ಕ ಹಾಕಿದರೆ ಯಾವ ಕಂತೂ ಗೆಲ್ಲುತ್ತದೆ.

ಇನ್ನೊಂದು ವರ್ಷ 2021. ಜನವರಿ 21ರಂದು ಸೆನ್ಸೆಕ್ಸ್ ಮೊದಲ ಸಲ 50,000 ಮುಟ್ಟಿ, ಕೊನೆಗೆ 49,625ರಲ್ಲಿ ನಿಂತಿತು. ಹತ್ತು ತಿಂಗಳ ಹಿಂದೆ, 2020ರ ಮಾರ್ಚ್ 23ರಂದು, ಅದು 26,000ಕ್ಕಿಂತ ಕೆಳಗಿತ್ತು. ಹತ್ತೇ ತಿಂಗಳಲ್ಲಿ ಸುಮಾರು ಎರಡರಷ್ಟು. ಲೋಕಲ್ ಟ್ರೇನು ಇನ್ನೂ ಎಲ್ಲರಿಗೂ ಬಿಟ್ಟಿರಲಿಲ್ಲ, ಹೋಟೆಲುಗಳು ಅರ್ಧಂಬರ್ಧ ನಡೆಯುತ್ತಿದ್ದವು, ಪೇಟೆ ಮಾತ್ರ ಶಿಖರದಲ್ಲಿ. ಇದಕ್ಕಿಂತ ದುಬಾರಿಯಾಗಿ ಕಾಣುವ ಪೇಟೆ ಇರಲು ಸಾಧ್ಯವೇ ಎಂದು ಆಗ ಯಾರಿಗಾದರೂ ಅನಿಸಬೇಕಿತ್ತು. ಅಂದು 60 ಲಕ್ಷ ಹಾಕಿದವರ ಹಣ ಆ ಡಿಸೆಂಬರಿನ ಕೊನೆಗೆ, ಸೆನ್ಸೆಕ್ಸ್ 58,254 ಇದ್ದಾಗ, 70.4 ಲಕ್ಷ. ಜನವರಿಯಿಂದ ತಿಂಗಳ ಕೊನೆಗೆ 5 ಲಕ್ಷದಂತೆ ಹಾಕಿದವರ ಸರಾಸರಿ ದರ 53,100ರ ಸುತ್ತ ಬಂತು, ಅವರ ಹಣ 65.8 ಲಕ್ಷ. ಕಾಯುತ್ತಿದ್ದ ಹಣಕ್ಕೆ ಸಿಕ್ಕ ಬಡ್ಡಿ ಸೇರಿಸಿದರೂ ಸುಮಾರು ನಾಲ್ಕು ಲಕ್ಷ ಹಿಂದೆ. "ಕೆಳಗೆ ಬರಲಿ" ಎಂದು ಕಾದವರಿಗೆ ಆ 49,625 ಆ ವರ್ಷದ ಬೇಸಿಗೆಯ ನಂತರ ಸಿಗಲೇ ಇಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟರೆ ಕಂತು ನಿಜವಾಗಿ ಏನು ಎಂಬುದು ಕಾಣುತ್ತದೆ. ಅದು ಹೆಚ್ಚು ಗಳಿಸುವ ಉಪಾಯವಲ್ಲ, ವಿಮೆ. ಒಳ್ಳೆಯ ವರ್ಷದಲ್ಲಿ ನಾಲ್ಕು ಲಕ್ಷದ ಪ್ರೀಮಿಯಂ ಕೊಟ್ಟಂತೆ, ಕೆಟ್ಟ ವರ್ಷದಲ್ಲಿ ಹದಿನಾರು ಲಕ್ಷದ ಪರಿಹಾರ ಸಿಕ್ಕಂತೆ. ಆದರೆ ಒಳ್ಳೆಯ ವರ್ಷಗಳೇ ಹೆಚ್ಚು. ಅಮೆರಿಕದ ವ್ಯಾನ್‌ಗಾರ್ಡ್ ಕಂಪನಿ 2012ರಲ್ಲಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ ಪೇಟೆಗಳ ಹಳೆಯ ದಾಖಲೆ ಹಿಡಿದು ಇದನ್ನೇ ಅಳೆಯಿತು. ಸುಮಾರು ಮೂರರಲ್ಲಿ ಎರಡು ಸಲ ಒಂದೇ ಸಲಕ್ಕೆ ಹಾಕಿದವರು ಮುಂದಿದ್ದರು. ಕಾರಣ ಸರಳ. ಪೇಟೆ ಇಳಿಯುವ ವರ್ಷಗಳಿಗಿಂತ ಏರುವ ವರ್ಷಗಳು ಹೆಚ್ಚು, ಹಾಗಾಗಿ ಹೊರಗೆ ಕಾಯುವ ಹಣ ಹೆಚ್ಚಿನ ಸಲ ಸೋಲುತ್ತದೆ.

ಹಾಗಾದರೆ ದುಬಾರಿ ವರ್ಷಗಳಲ್ಲಿ ಮಾತ್ರ ಕಂತು, ಅಗ್ಗದ ವರ್ಷಗಳಲ್ಲಿ ಇಡಿಗಂಟು ಎನ್ನಬಹುದಲ್ಲ? ಅದಕ್ಕೆ ದುಬಾರಿ ಯಾವುದು ಎಂದು ಮೊದಲೇ ಗೊತ್ತಾಗಬೇಕು. ಎಲ್ಲರೂ ನೋಡುವುದು ನಿಫ್ಟಿಯ ಪಿಇ ಅನುಪಾತವನ್ನು, ಅಂದರೆ ಕಂಪನಿಗಳ ಒಂದು ರೂಪಾಯಿ ವಾರ್ಷಿಕ ಲಾಭಕ್ಕೆ ಪೇಟೆ ಎಷ್ಟು ರೂಪಾಯಿ ಕೊಡುತ್ತಿದೆ ಎಂಬುದನ್ನು. 2008ರ ಜನವರಿಯಲ್ಲಿ ಅದು 30ಕ್ಕಿಂತ ಕೆಳಗಿತ್ತು. 2021ರ ಆರಂಭದಲ್ಲಿ 40ರ ಸುತ್ತ ಇತ್ತು. ಆ ಅಳತೆಯ ಪ್ರಕಾರ 2021 ಹೆಚ್ಚು ಅಪಾಯದ ವರ್ಷ. ಆದದ್ದು ತಿರುಗುಮುರುಗು. ಲಾಕ್‌ಡೌನಿನಲ್ಲಿ ಕಂಪನಿಗಳ ಲಾಭ ಕುಸಿದಿದ್ದರಿಂದ ಭಾಗಿಸುವ ಸಂಖ್ಯೆ ಚಿಕ್ಕದಾಗಿ ಅನುಪಾತ ಉಬ್ಬಿತ್ತು. ಲಾಭ ಮರಳಿದ ಮೇಲೆ ಅದು ತಾನೇ ಇಳಿಯಿತು. ಇನ್ನೊಂದು ತಮಾಷೆಯೂ ಆಯಿತು. 2021ರ ಮಾರ್ಚ್ ಕೊನೆಯಿಂದ ಎನ್‌ಎಸ್‌ಇ, ಕಂಪನಿಗಳ ಬಿಡಿ ಲಾಭದ ಬದಲು ಅಂಗಸಂಸ್ಥೆಗಳನ್ನೂ ಸೇರಿಸಿದ ಒಟ್ಟು ಲಾಭವನ್ನು ಲೆಕ್ಕಕ್ಕೆ ಹಿಡಿಯತೊಡಗಿತು. ಹಿಂದಿನ ದಿನ 40ರ ಸುತ್ತ ಇದ್ದ ಪಿಇ ಒಂದೇ ರಾತ್ರಿಯಲ್ಲಿ 33ರ ಸುತ್ತ ಬಂತು. ಪೇಟೆ ಅಗ್ಗವಾಗಿರಲಿಲ್ಲ, ಅಳತೆಗೋಲು ಬದಲಾಗಿತ್ತು. ಇವತ್ತಿನ ಪಿಇಯನ್ನು 2021ಕ್ಕೆ ಮುಂಚಿನ ಸರಾಸರಿಯೊಂದಿಗೆ ಹೋಲಿಸಿ ಅಗ್ಗ, ದುಬಾರಿ ಎನ್ನುವವರು ಎರಡು ಬೇರೆ ಸೇರಿನಲ್ಲಿ ಅಕ್ಕಿ ಅಳೆಯುತ್ತಿದ್ದಾರೆ.

ದುಬಾರಿ ಪೇಟೆ ಮುಂದಿನ ಹತ್ತು ವರ್ಷದ ಗಳಿಕೆಯನ್ನು ಕಡಿಮೆ ಮಾಡಬಹುದು ಎಂಬುದು ನ್ಯಾಯವಾದ ನಿರೀಕ್ಷೆ. ಆದರೆ ಮುಂದಿನ ಹನ್ನೆರಡು ತಿಂಗಳಲ್ಲಿ ಏನಾಗುತ್ತದೆ ಎಂದು ಅದು ಹೇಳುವುದಿಲ್ಲ. ಕಂತಿನ ಪ್ರಶ್ನೆ ಇರುವುದು ಆ ಹನ್ನೆರಡು ತಿಂಗಳ ಬಗ್ಗೆಯೇ.

ಮುಖ್ಯವಾದ ಮಾತು ಇನ್ನೂ ಬಾಕಿ ಇದೆ. 2008ರ ಕಂತಿನವರು ಗೆದ್ದರು ಎಂದೆವಷ್ಟೆ. 2009ರ ಮಾರ್ಚ್ 9ರಂದು ಸೆನ್ಸೆಕ್ಸ್ 8,160ಕ್ಕೆ ಇಳಿದಾಗ ಅವರ ಮನೆಯಲ್ಲಿ ಏನಾಗಿರಬಹುದು? ಇಡಿಗಂಟಿನವರ ಹಣ 23.5 ಲಕ್ಷ. ಕಂತಿನವರದು 36.8 ಲಕ್ಷ. ಅಂದರೆ ಎಲ್ಲ ಎಚ್ಚರಿಕೆಯ ನಂತರವೂ, ಮುಲುಂಡಿನ ಮನೆ ಮಾರಿ ಬಂದ ಅರವತ್ತು ಲಕ್ಷದಲ್ಲಿ ಇಪ್ಪತ್ತಮೂರು ಲಕ್ಷ ಕಾಣೆ. ಅರವತ್ತೆರಡು ವಯಸ್ಸಿನ, ಇನ್ನು ಸಂಬಳ ಬಾರದ ಮನೆಗೆ ಇದು ತಡೆಯುವ ಪೆಟ್ಟಲ್ಲ. ಹಲವರು ಮಾರಿ ಹೊರಬರುವುದು ಇಂಥ ದಿನವೇ. ಹಾಗೆ ಮಾರಿದವರಿಗೆ ಮುಂದಿನ ವರ್ಷದ 94 ಲಕ್ಷ ಸಿಗುವುದಿಲ್ಲ.

ಈಗ ಮೂರನೆಯವರನ್ನು ನೋಡಬೇಕು. ಇವರು ಕಂತಿನ ಗೊಡವೆಗೇ ಹೋಗದೆ, 2008ರ ಜನವರಿ 8ರ ಶಿಖರದಲ್ಲೇ, 30 ಲಕ್ಷ ಷೇರು ಫಂಡಿಗೆ, 30 ಲಕ್ಷ ಬ್ಯಾಂಕಿನ ಎಫ್‌ಡಿಗೆ ಹಾಕಿದರು. ಅತಿ ಕೆಟ್ಟ ದಿನ ಹುಡುಕಿ ಹಾಕಿದ ಹಾಗೆ. 2009ರ ಮಾರ್ಚ್ 9ರಂದು ಇವರ ಷೇರಿನ ಭಾಗ 11.7 ಲಕ್ಷ. ಎಫ್‌ಡಿ ಮೂವತ್ತು ಲಕ್ಷ ಹಾಗೇ ಇದೆ. ಬಡ್ಡಿ ಬಿಟ್ಟೇ ಒಟ್ಟು 41.7 ಲಕ್ಷ. ಹನ್ನೆರಡು ತಿಂಗಳು ಹುಷಾರಾಗಿ ಕಂತು ಹಾಕಿದವರಿಗಿಂತ ಐದು ಲಕ್ಷ ಹೆಚ್ಚು. ಪೇಟೆ ಮರಳಿ ಏರಿದಾಗ ಇವರ ಗಳಿಕೆ ಕಂತಿನವರಷ್ಟು ಇರಲಿಲ್ಲ, ನಿಜ. ಪೂರ್ತಿ ಷೇರಿನಲ್ಲಿದ್ದವರಿಗೆ ಪೂರ್ತಿ ಏರಿಕೆ ಸಿಗುತ್ತದೆ. ಆದರೆ ಅತಿ ಕೆಟ್ಟ ದಿನ ಮನೆಯನ್ನು ಕಾದದ್ದು ಎಷ್ಟು ಭಾಗ ಷೇರಿಗೆ ಎಂಬ ತೀರ್ಮಾನ. ಎಷ್ಟು ನಿಧಾನ ಎಂಬ ತೀರ್ಮಾನ ಅಷ್ಟು ಕಾಯಲಿಲ್ಲ.

ಕಂತು ಎಂದರೆ, ಒಂದು ವರ್ಷದ ಮಟ್ಟಿಗೆ ಷೇರಿನ ಪಾಲು ಕಡಿಮೆ ಇಟ್ಟು, ಆಮೇಲೆ ಪೂರ್ತಿ ಮಾಡುವುದು, ಅಷ್ಟೇ. ಹನ್ನೆರಡನೇ ತಿಂಗಳು ಮುಗಿದ ಮರುದಿನ ಆ ಮನೆಯೂ ಇಡಿಗಂಟಿನ ಮನೆಯೇ. ಹದಿಮೂರನೇ ತಿಂಗಳಲ್ಲಿ ಪೇಟೆ ಅರ್ಧಕ್ಕೆ ಇಳಿದರೆ ಕಂತು ಏನೂ ಮಾಡಲಾರದು. ಇನ್ನೂ ಉದ್ದನೆಯ ಬರಗಾಲವೂ ಈ ನಗರ ಕಂಡಿದೆ. ಹರ್ಷದ್ ಮೆಹ್ತಾ ಕಾಲದಲ್ಲಿ, 1992ರ ಏಪ್ರಿಲಿನಲ್ಲಿ, 4,400 ದಾಟಿದ್ದ ಸೆನ್ಸೆಕ್ಸ್ ನಡುವೆ ಏರಿ ಇಳಿದು 2003ರ ಏಪ್ರಿಲಿನಲ್ಲಿ 3,000ದ ಆಸುಪಾಸಿನಲ್ಲಿತ್ತು. ಹನ್ನೊಂದು ವರ್ಷದ ಬರಕ್ಕೆ ಹನ್ನೆರಡು ತಿಂಗಳ ಕೊಡೆ ಸಾಲದು. "ಈಗ ಪೂರ್ತಿ ಹಾಕಲು ಭಯ, ಆದರೆ ಮುಂದಿನ ವರ್ಷ ಪೂರ್ತಿ ಹಾಕಿರುತ್ತೇನೆ" ಎನ್ನುವ ಮನೆಗೆ ಭಯ ಇರುವುದು ಇವತ್ತಿನ ದರದ ಬಗ್ಗೆ ಅಲ್ಲ, ಆ ಪಾಲಿನ ಬಗ್ಗೆ. ಅದಕ್ಕೆ ಮದ್ದು ಪಾಲು ಇಳಿಸುವುದು.

ಆದ್ದರಿಂದ ಮೊದಲ ಪ್ರಶ್ನೆ ಇದು: ಷೇರು ಭಾಗ ಶೇಕಡ 60ರಷ್ಟು ಇಳಿದರೆ, 2008ರಲ್ಲಿ ಆದಂತೆ, ಮನೆಯಲ್ಲಿ ಮಾರದೆ ಕೂರಲು ಆಗುವುದು ಎಷ್ಟು ರೂಪಾಯಿ ನಷ್ಟದವರೆಗೆ? ಡೊಂಬಿವಲಿಯ ದಂಪತಿಗೆ ಅದು 18 ಲಕ್ಷ ಎನಿಸಿದರೆ, ಷೇರಿಗೆ ಹೋಗಬಹುದಾದ್ದು 30 ಲಕ್ಷ. 12 ಲಕ್ಷ ಎನಿಸಿದರೆ 20 ಲಕ್ಷ ಮಾತ್ರ. ಈ ಪ್ರಶ್ನೆಯನ್ನು ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ಕಾಗದದಲ್ಲಿ ಬರೆದು ಆಮೇಲೆ ತೋರಿಸಿಕೊಳ್ಳುವುದು ಒಳ್ಳೆಯದು. ಎರಡರಲ್ಲಿ ಚಿಕ್ಕದನ್ನೇ ಹಿಡಿಯಬೇಕು, ಏಕೆಂದರೆ ಕೆಟ್ಟ ತಿಂಗಳಲ್ಲಿ ಮನೆಯ ನಿರ್ಧಾರ ಮಾಡುವುದು ಹೆಚ್ಚು ಹೆದರಿದವರು.

ಆ 30 ಲಕ್ಷ ನಿರ್ಧಾರವಾದ ಮೇಲೆ ಕಂತಿನ ಪ್ರಶ್ನೆ ಚಿಕ್ಕದಾಗುತ್ತದೆ. ಶುದ್ಧ ಲೆಕ್ಕ ಕೇಳಿದರೆ ಉತ್ತರ ಇಡಿಗಂಟು. ಆದರೂ ಜೀವನದಲ್ಲಿ ಒಂದೇ ಸಲ ಬರುವ ಹಣಕ್ಕೆ, ಷೇರಿನ ಅಭ್ಯಾಸವೇ ಇಲ್ಲದ ಮನೆಗೆ, ಚಿಕ್ಕ ಅವಧಿಯ ಕಂತು ಸರಿ ಎಂಬುದು ಈ ಲೇಖನದ ವಾದ. ಹಾಕಿದ ಮರುತಿಂಗಳೇ ಆರು ಲಕ್ಷ ಕರಗಿದರೆ ಆ ಮನೆ ಷೇರಿನ ಹೆಸರನ್ನೇ ಮತ್ತೆ ಎತ್ತುವುದಿಲ್ಲ. ಆ ನಷ್ಟ ಪ್ರೀಮಿಯಂಗಿಂತ ದೊಡ್ಡದು. 10 ಲಕ್ಷ ಮೊದಲ ದಿನವೇ, ಉಳಿದ 20 ಲಕ್ಷ ತಿಂಗಳಿಗೆ ಎರಡೂವರೆ ಲಕ್ಷದಂತೆ ಎಂಟು ತಿಂಗಳು. ಒಂದು ವರ್ಷಕ್ಕಿಂತ ಉದ್ದ ಎಳೆಯಬಾರದು. ಎರಡು ಮೂರು ವರ್ಷ ಎಳೆದರೆ ಪ್ರೀಮಿಯಂ ಏರುತ್ತಾ ಹೋಗುತ್ತದೆ. ಸಂಬಳದಿಂದ ಕಟ್ಟುವ ಎಸ್‌ಐಪಿಯನ್ನು ಇದಕ್ಕೆ ಸಮರ್ಥನೆಯಾಗಿ ತರುವುದೂ ಸರಿಯಲ್ಲ. ಸಂಬಳದವರು ತಿಂಗಳು ತಿಂಗಳು ಹಾಕುವುದು ಹಣ ತಿಂಗಳಿಗೊಮ್ಮೆ ಬರುವುದರಿಂದ. ಅಲ್ಲಿ ಹೊರಗೆ ಕಾಯುವ ಹಣವೇ ಇಲ್ಲ.

ಕಂತು ನಡೆಸುವ ಮಾಮೂಲಿ ದಾರಿ ಎಸ್‌ಟಿಪಿ. ಒಂದೇ ಮ್ಯೂಚುವಲ್ ಫಂಡ್ ಸಂಸ್ಥೆಯ ಲಿಕ್ವಿಡ್ ಫಂಡಿಗೆ ಪೂರ್ತಿ ಹಣ ಹಾಕಿ, ಅಲ್ಲಿಂದ ನಿಗದಿತ ತಾರೀಖಿಗೆ ನಿಗದಿತ ಮೊತ್ತ ಷೇರು ಫಂಡಿಗೆ ತಾನಾಗಿ ಹೋಗುವಂತೆ ಬರೆದುಕೊಡುವುದು. ಪ್ರತಿ ವರ್ಗಾವಣೆಯೂ ತೆರಿಗೆಯ ಕಣ್ಣಿನಲ್ಲಿ ಒಂದು ಮಾರಾಟ. ಲಿಕ್ವಿಡ್ ಫಂಡಿನ ಸಣ್ಣ ಲಾಭ ಆ ವರ್ಷದ ಆದಾಯಕ್ಕೆ ಸೇರಿ ಸ್ಲ್ಯಾಬಿನಂತೆ ತೆರಿಗೆ ಬೀಳುತ್ತದೆ. ಷೇರು ಫಂಡಿನಲ್ಲಿ ಪ್ರತಿ ಕಂತಿಗೂ ಒಂದು ವರ್ಷದ ಗಡಿಯಾರ ಬೇರೆ ಬೇರೆ ಶುರುವಾಗುತ್ತದೆ. ಮೊದಲ ಕಂತಿಗೆ ವರ್ಷ ತುಂಬಿತೆಂದು ಎಲ್ಲವನ್ನೂ ಹಿಂದೆಗೆದರೆ ಕೊನೆಯ ಕಂತುಗಳಿಗೆ ಹೆಚ್ಚಿನ ತೆರಿಗೆ, ಹಲವು ಫಂಡುಗಳಲ್ಲಿ ನಿರ್ಗಮನ ಶುಲ್ಕ ಕೂಡ.

ಕಾಯುವ ಹಣ ಎಲ್ಲಿ ಕಾಯುತ್ತದೆ ಎಂಬುದೂ ಮುಂಬಯಿಯವರಿಗೆ ಹೇಳಿಕೊಡಬೇಕಾದ ಪಾಠವಲ್ಲ. 2019ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಪಿಎಂಸಿ ಬ್ಯಾಂಕಿನ ಮೇಲೆ ನಿರ್ಬಂಧ ಹಾಕಿದಾಗ ಠೇವಣಿದಾರರಿಗೆ ಮೊದಲು ತೆಗೆಯಲು ಬಿಟ್ಟದ್ದು 1,000 ರೂಪಾಯಿ. ಷೇರು ಇಳಿಯಬಹುದೆಂಬ ಭಯಕ್ಕೆ ಹಣ ಹೊರಗಿಟ್ಟವರು ಅರ್ಧ ಶೇಕಡ ಹೆಚ್ಚು ಬಡ್ಡಿಗೆ ಅದನ್ನು ಒಂದೇ ಸಣ್ಣ ಬ್ಯಾಂಕಿನಲ್ಲಿ ಇಡುವುದು ತಲೆಕೆಳಗಾದ ಎಚ್ಚರಿಕೆ. ಠೇವಣಿ ವಿಮೆ ಇರುವುದು ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ.

ಕಂತು ಹಾಳಾಗುವುದು ಲೆಕ್ಕದಲ್ಲಿ ಅಲ್ಲ, ನಡುವೆ ನಿಲ್ಲಿಸುವುದರಲ್ಲಿ. 2008ರ ಕಂತಿನವರು ಸೆಪ್ಟೆಂಬರಿನ ಸುದ್ದಿಗೆ ಹೆದರಿ ಒಂಬತ್ತಕ್ಕೇ ನಿಲ್ಲಿಸಿದ್ದರೆ ಅವರ ಸರಾಸರಿ ದರ 13,300 ಅಲ್ಲ, 15,300 ದಾಟುತ್ತಿತ್ತು. ಕೊನೆಯ ಮೂರು ಕಂತು ಒಟ್ಟು ಹಣದ ಕಾಲು ಭಾಗ. ಅವು ತಂದ ಯುನಿಟ್ಟುಗಳು ಒಟ್ಟಿನ ಮೂರನೇ ಒಂದಕ್ಕಿಂತ ಹೆಚ್ಚು. ವಿಮೆಯ ಪರಿಹಾರ ಬಂದದ್ದೇ ಆ ಮೂರು ತಿಂಗಳಲ್ಲಿ. ಏರುವ ವರ್ಷದಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ನಾಲ್ಕು ಕಂತು ಹಾಕಿದವರು "ಇನ್ನೂ ಏರಿತಲ್ಲ, ಇಳಿದ ಮೇಲೆ ಹಾಕೋಣ" ಎಂದು ನಿಲ್ಲಿಸಿ ಎರಡು ವರ್ಷ ಕೂರುತ್ತಾರೆ. ರೋಗದ ಮೊದಲ ಲಕ್ಷಣ ಒಂದೇ, "ಈ ತಿಂಗಳು ಬೇಡ" ಎಂಬ ಮಾತು. ಅದು ಮನೆಯಲ್ಲಿ ಕೇಳಿಸಿದಾಗ ಎರಡರಲ್ಲಿ ಒಂದು ಮಾಡಬೇಕು: ಕಂತು ನಡೆಯಲು ಬಿಡಬೇಕು, ಇಲ್ಲವೇ ಷೇರಿನ ಪಾಲೇ ಹೆಚ್ಚಾಯಿತು ಎಂದು ಒಪ್ಪಿ, ಹೊಸ ಪಾಲನ್ನು ಕಾಗದದಲ್ಲಿ ಬರೆದು, ಅಷ್ಟಕ್ಕೆ ಪೂರ್ತಿ ಮುಗಿಸಬೇಕು. ತಿಂಗಳು ತಿಂಗಳು ಪೇಟೆಯ ಮುಖ ನೋಡಿ ತೀರ್ಮಾನಿಸುವುದಕ್ಕೆ ಕಂತು ಎಂಬ ಹೆಸರು ಸಲ್ಲುವುದಿಲ್ಲ.